ಕೈ ಅಲುಗಿದ ಫೋಟೊ ಸರಿಮಾಡುವ ಸಾಫ್ಟ್‌ವೇರ್: ಒಂದು ಪುಟ್ಟ ಕಿಟಕಿಗಾಗಿ ಹಳೇ ಆವೃತ್ತಿಯನ್ನೇ ಉಳಿಸಿಕೊಂಡಿದ್ದೇನೆ

ಈ ಸಾಫ್ಟ್‌ವೇರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಪರದೆಯ ಬಲಮೂಲೆಯಲ್ಲಿರುವ ಒಂದು ಸಣ್ಣ ಕಪ್ಪು ಚೌಕ. ಶಟರ್ ತೆರೆದಿದ್ದಷ್ಟು ಹೊತ್ತು ಕ್ಯಾಮೆರಾ ಯಾವ ದಾರಿಯಲ್ಲಿ ಅಲುಗಿತು ಅನ್ನುವುದನ್ನು ಅದು ಬಿಳಿ ಗೆರೆಯಾಗಿ ತೋರಿಸುತ್ತದೆ. ಬಲ್ಲವರು ಇದನ್ನು ಕರ್ನಲ್ ಅನ್ನುತ್ತಾರೆ. ಕೈ ಸ್ವಲ್ಪ ನಿಂತ ಕಡೆ ಗೆರೆ ಜಾಸ್ತಿ ಬೆಳ್ಳಗಿರುತ್ತದೆ, ಸರಕ್ಕನೆ ಹೋದ ಕಡೆ ಮಸುಕು. ಆ ದಾರಿಯನ್ನು ಯಾರೂ ಅಳೆದಿಟ್ಟಿಲ್ಲ. ಕೈಯಲ್ಲಿರುವುದು ಹಾಳಾದ ಒಂದೇ ಒಂದು ಫೋಟೊ. ಅದನ್ನು ನೋಡಿಯೇ ದಾರಿಯನ್ನೂ ಊಹಿಸಬೇಕು, ಅಸಲಿ ಚಿತ್ರವನ್ನೂ ಹೊರತೆಗೆಯಬೇಕು.

ನಾನು ಫ್ಲ್ಯಾಶ್ ಬಳಸುವುದಿಲ್ಲ. ಟ್ರೈಪಾಡ್ ಹೊತ್ತು ಓಡಾಡುವ ಅಭ್ಯಾಸವೂ ಇಲ್ಲ. ಹಾಗಾಗಿ ಮನೆಯೊಳಗೆ, ಸಂಜೆ ಹೊತ್ತಲ್ಲಿ ತೆಗೆದ ಫೋಟೊಗಳೇ ನನ್ನ ಹತ್ತಿರ ಜಾಸ್ತಿ. ಅದಕ್ಕೇ ವರ್ಷಗಟ್ಟಲೆ ಇದನ್ನು ಬಳಸುತ್ತಾ ಬಂದಿದ್ದೇನೆ. ಇದರಲ್ಲಿ ಏನೇನು ಸೌಲಭ್ಯ ಇದೆ ಅನ್ನೋ ಪಟ್ಟಿ ನೀವೂ ನೋಡಿರುತ್ತೀರಿ, ಅದನ್ನು ಬಿಡೋಣ.

ಒಂದು ಫೋಟೊ ಇಟ್ಟುಕೊಂಡೇ ಹೇಳುತ್ತೇನೆ. ತಾತ ಮೇಜಿನ ದೀಪದ ಬೆಳಕಿನಲ್ಲಿ ಓದುತ್ತಾ ಕೂತಿದ್ದಾರೆ. ಶಟರ್ 1/6 ಸೆಕೆಂಡ್. ತಾತ ಅಲುಗಿಲ್ಲ, ನನ್ನ ಕೈ ಅಲುಗಿದೆ. ಮೊದಲು ನಾನು ಮಾಡುವುದು ಫೋಟೊವನ್ನು 100% ಗಾತ್ರಕ್ಕೆ ಹಿಗ್ಗಿಸಿ ಬೆಳಕಿನ ಚುಕ್ಕಿ ಹುಡುಕುವುದು. ತಾತನ ಕನ್ನಡಕದಲ್ಲಿ ದೀಪದ ಹೊಳಪು ಸಿಕ್ಕಿತು. ಚುಕ್ಕಿಯಾಗಿ ಇರಬೇಕಾದದ್ದು ಕೊಕ್ಕೆಯಾಗಿ ಎಳೆದುಕೊಂಡಿತ್ತು: ಕೆಳಕ್ಕೆ ಇಳಿದು, ತುದಿಯಲ್ಲಿ ಬಲಕ್ಕೆ ತಿರುಗಿತ್ತು. ಕ್ಯಾಮೆರಾ ಅಲುಗಿದ ದಾರಿ ಅಲ್ಲೇ ಬರೆದಂತಿತ್ತು. ಅದರ ಉದ್ದ ಸುಮಾರು 23 ಪಿಕ್ಸೆಲ್. ಹಾಗಾಗಿ ಕರ್ನಲ್ ಗಾತ್ರವನ್ನು 35ಕ್ಕೆ ಇಟ್ಟೆ. ಈ ಗಾತ್ರ ಚಿಕ್ಕದಾದರೆ ಗೆರೆ ಚೌಕದ ಅಂಚಿಗೆ ಬಡಿದು ಕತ್ತರಿಸಿಹೋಗುತ್ತದೆ. ತೀರಾ ದೊಡ್ಡದಾದರೆ ಗೆರೆಯ ಸುತ್ತ ಬಿಳಿ ಪುಡಿ ಉದುರಿದ ಹಾಗೆ ಚುಕ್ಕಿಗಳು ಹುಟ್ಟುತ್ತವೆ.

ಆಮೇಲೆ ಫೋಟೊದ ಯಾವ ಭಾಗದಿಂದ ದಾರಿಯನ್ನು ಊಹಿಸಬೇಕು ಅಂತ ಒಂದು ಆಯತ ಎಳೆದು ತೋರಿಸಬೇಕು. ಇಡೀ ಆಟ ಇರುವುದೇ ಇಲ್ಲಿ. ನಮಗೆ ಬೇಕಾದದ್ದು ತಾತನ ಮುಖ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಮುಖ ನುಣುಪು. ಅಲ್ಲಿ ಗಟ್ಟಿ ಅಂಚುಗಳೇ ಇಲ್ಲ. ಚೌಕದಲ್ಲಿ ಒಂದೇ ಒಂದು ಬಿಳಿ ಚುಕ್ಕಿ ಬಂತು. ಹಿಂದಿನ ಕಪಾಟಿನ ಪುಸ್ತಕಗಳ ಬೆನ್ನುಗಳ ಮೇಲೆ ಆಯತ ಇಟ್ಟರೆ ಅಡ್ಡಕ್ಕೆ ಚಪ್ಪಟೆಯಾದ ಗೆರೆ ಬಂತು. ನಿಂತ ಗೆರೆಯೊಂದು ಮೇಲೆ ಕೆಳಗೆ ಜರುಗಿದರೆ ನೋಡಲು ಏನೂ ಬದಲಾಗುವುದಿಲ್ಲ ಅಲ್ವಾ? ಹಾಗಾಗಿ ನಿಂತ ಅಂಚುಗಳಿಂದ ಅಡ್ಡ ಚಲನೆ ಮಾತ್ರ ತಿಳಿಯುತ್ತದೆ. ತೆರೆದ ಪುಸ್ತಕದ ಅಕ್ಷರಗಳೂ ಸುಳ್ಳು ಹೇಳುತ್ತವೆ. ಬ್ಲರ್‌ಗಿಂತ ಸಣ್ಣ ಗೆರೆಗಳು ಒಂದರ ಮೇಲೊಂದು ಕಲಸಿಹೋಗಿ, ಇಲ್ಲದ ಅಂಚುಗಳು ಕಾಣುತ್ತವೆ. ಕೊನೆಗೆ ದಾರಿ ತೋರಿಸಿದ್ದು ಗೋಡೆಯ ದುಂಡನೆ ಗಡಿಯಾರ. ದಪ್ಪ ಕಪ್ಪು ಚೌಕಟ್ಟು, ಬಿಳಿ ಗೋಡೆ, ಎಲ್ಲಾ ದಿಕ್ಕಿಗೂ ಅಂಚು.

ಇದಾದ ಮೇಲೆ ಚೌಕವನ್ನು ನೋಡುತ್ತಾ ಕೂರುವುದು ನನಗೆ ನಿಜವಾದ ಖುಷಿ. ಮೊದಲು ಫೋಟೊವನ್ನು ತುಂಬಾ ಚಿಕ್ಕದು ಮಾಡಿಕೊಂಡು 3×3 ಮನೆಗಳ ಕರ್ನಲ್‌ನಿಂದ ಶುರು. ಅಲ್ಲಿ ಸಿಕ್ಕಿದ್ದನ್ನು ಹಿಗ್ಗಿಸಿ ಮುಂದಿನ ಹಂತಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ. ನನ್ನ ಹಳೇ ಕಂಪ್ಯೂಟರ್‌ನಲ್ಲಿ ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಮೊದಲು ದಪ್ಪ ಮಚ್ಚೆ, ಆಮೇಲೆ ಓರೆ ಗೆರೆ, ಕೊನೆಯ ಹಂತದಲ್ಲಿ ತುದಿ ಬಲಕ್ಕೆ ಬಾಗಿತು. ಕನ್ನಡಕದಲ್ಲಿದ್ದ ಅದೇ ಕೊಕ್ಕೆ! ಆಯತದಲ್ಲಿ ಕನ್ನಡಕ ಇರಲೇ ಇಲ್ಲ. ಆದರೂ ಎರಡೂ ಹೊಂದಿದವು ಅಂದರೆ ಊಹೆ ಸರಿ. ಆಮೇಲೆ ಆ ದಾರಿಯನ್ನು ಇಡೀ ಫೋಟೊಕ್ಕೆ ಹಚ್ಚಿದಾಗ ತಾತನ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಂಡಿತು.

ಚೌಕದಲ್ಲಿ ಬರೀ ಚುಕ್ಕಿ ಬರುವುದರ ಹಿಂದೆ ಒಂದು ಸೊಗಸಾದ ಕಾರಣ ಇದೆ. ಫೋಟೊ ಇರುವುದೇ ಹೀಗೆ, ಕ್ಯಾಮೆರಾ ಅಲುಗೇ ಇಲ್ಲ ಅನ್ನುವುದೂ ಲೆಕ್ಕಕ್ಕೆ ಸರಿಹೊಂದುವ ಉತ್ತರವೇ. ಚಿತ್ರ ಮತ್ತು ದಾರಿ ಎರಡನ್ನೂ ಒಟ್ಟಿಗೆ ಕೇಳಿದರೆ ಲೆಕ್ಕ ಆ ಕಡೆಗೇ ಜಾರುತ್ತದೆ ಅಂತ 2009ರಲ್ಲಿ ಸಂಶೋಧಕಿ ಅನಾತ್ ಲೆವಿನ್ ಮತ್ತು ಸಂಗಡಿಗರು ತೋರಿಸಿದರು. ಒಳ್ಳೆ ಫೋಟೊದಲ್ಲಿ ಬಹುಪಾಲು ಜಾಗ ಸಪಾಟಾಗಿರುತ್ತದೆ, ಗಟ್ಟಿ ಅಂಚುಗಳು ಕಡಿಮೆ ಅನ್ನೋ ನಂಬಿಕೆಯ ಮೇಲೆ ಈ ವಿಧಾನಗಳು ನಡೆಯುತ್ತವೆ. ಆದರೆ ಬ್ಲರ್ ಸಣ್ಣಪುಟ್ಟ ವಿವರಗಳನ್ನೆಲ್ಲ ಅಳಿಸಿಹಾಕುವುದರಿಂದ ಮಸುಕು ಫೋಟೊನೇ ಇನ್ನೂ ಸಪಾಟು! 2006ರಲ್ಲಿ ಸಂಶೋಧಕ ರಾಬ್ ಫರ್ಗಸ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದಿದ್ದರು. ಒಂದೇ ಚಿತ್ರಕ್ಕೆ ಕಟ್ಟುಬೀಳದೆ, ಸಾಧ್ಯವಿರುವ ಚಿತ್ರಗಳನ್ನೆಲ್ಲ ಗಣನೆಗೆ ತೆಗೆದುಕೊಂಡು ಮೊದಲು ದಾರಿಯನ್ನಷ್ಟೇ ಹುಡುಕುವುದು, ಅದು ಸಿಕ್ಕಮೇಲೆ ಚಿತ್ರವನ್ನು ಬೇರೆಯಾಗಿ ಬಿಡಿಸುವುದು. ನನ್ನ ಸಾಫ್ಟ್‌ವೇರ್ ಕೂಡ ಎರಡು ಹಂತವಾಗಿಯೇ ನಡೆಯುತ್ತದೆ. ಹಾಗಾಗಿ ಮಧ್ಯದಲ್ಲಿ ನಿಲ್ಲಿಸಿ ದಾರಿಯನ್ನು ಪರೀಕ್ಷೆ ಮಾಡಬಹುದು.

ಮಾಡಬಹುದಿತ್ತು ಅನ್ನಬೇಕು. ಹೊಸ ಆವೃತ್ತಿಯಲ್ಲಿ ಆ ಚೌಕವನ್ನು ತೆಗೆದುಹಾಕಿದ್ದಾರೆ. ಆಯತ ಎಳೆಯುವುದೂ ಇಲ್ಲ, ಎಲ್ಲಾ ತಾನಾಗಿಯೇ ಆಗುತ್ತದಂತೆ. ಒಂದೇ ಗುಂಡಿ. ಅದು ಸೋತಾಗ ಸೋತೆ ಅಂತಲೂ ಹೇಳುವುದಿಲ್ಲ. ಚುಕ್ಕಿ ಬಂದಿದ್ದರೂ ಸುಮ್ನೆ ಒಂಚೂರು ಶಾರ್ಪ್ ಮಾಡಿ ಮುಗಿಯಿತು ಅನ್ನುತ್ತದೆ. ತಾತನ ಫೋಟೊ ಅದರಲ್ಲಿ ಆದದ್ದೂ ಹಾಗೇ: ಅಂಚುಗಳು ಒರಟಾದವು, ಕನ್ನಡಕದ ಕೊಕ್ಕೆ ಕೊಕ್ಕೆಯಾಗಿಯೇ ಉಳಿಯಿತು. ದಾರಿ ಸರಿಯಾಗಿ ಸಿಕ್ಕಿದ್ದರೆ ಕೊಕ್ಕೆ ಮುದುಡಿ ಚುಕ್ಕಿಯಾಗುವತ್ತ ಹೋಗಬೇಕಿತ್ತು. ಬಳಸುವವರಿಂದ ಇದನ್ನು ಕಿತ್ತುಕೊಂಡದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಹಳೇ ಆವೃತ್ತಿಯಲ್ಲೂ ಆಗದ ಕೆಲಸಗಳಿವೆ. ದೀಪದ ಬುರುಡೆ ಫೋಟೊದಲ್ಲಿ ಪೂರ್ತಿ ಬಿಳಿಯಾಗಿ ತುಂಬಿಹೋಗಿತ್ತು. ಸೆನ್ಸರ್ ಅಳೆಯಬಲ್ಲ ಮಿತಿಗಿಂತ ಬೆಳಕು ಜಾಸ್ತಿಯಾದ ಕಡೆ, ದಾರಿಯುದ್ದಕ್ಕೂ ಬಿದ್ದ ಬೆಳಕನ್ನು ಕೂಡುವ ಲೆಕ್ಕ ತಪ್ಪುತ್ತದೆ, ಸುತ್ತ ಅಲೆಅಲೆಯಾಗಿ ಉಂಗುರಗಳು ಏಳುತ್ತವೆ. ಆ ಭಾಗವನ್ನು ಬ್ರಷ್‌ನಿಂದ ಮುಚ್ಚಿ ಹಾಗೇ ಬಿಡುತ್ತೇನೆ. ಜೆಪೆಗ್ ಬದಲು ಸೆನ್ಸರ್ ಅಳೆದದ್ದು ಹಾಗೇ ಇರುವ ರಾ ಫೈಲ್‌ನಿಂದ, ಹೊಳಪನ್ನು ಹೊಂದಿಸುವ ಟೋನ್ ಕರ್ವ್ ಹಚ್ಚುವ ಮೊದಲೇ ಶುರುಮಾಡಿದರೆ ಉಂಗುರ ಕಡಿಮೆ. ಬ್ಲರ್ ಆಗಿದ್ದು ಬೆಳಕು ಕೂಡುವಾಗ, ಕರ್ವ್ ಬಂದದ್ದು ಆಮೇಲೆ.

ಇನ್ನೊಂದು ಮಿತಿ ದೊಡ್ಡದು. ಇಡೀ ಫೋಟೊಕ್ಕೆ ಒಂದೇ ದಾರಿ ಅಂತ ಇದು ನಂಬುತ್ತದೆ. ಕ್ಯಾಮೆರಾ ಲೆನ್ಸಿನ ಅಕ್ಷದ ಸುತ್ತ ತಿರುಗಿದ್ದರೆ ನಡುವಿನ ಗೆರೆಯೇ ಬೇರೆ, ಮೂಲೆಯ ಗೆರೆಯೇ ಬೇರೆ. ತಾತನ ಫೋಟೊದಲ್ಲಿ ಎಡಮೂಲೆಯ ಬಾಗಿಲ ಹಿಡಿಯ ಪಕ್ಕ ಮಸುಕಾದ ಜೋಡಿ ಗೆರೆ ಉಳಿದದ್ದು ಇದಕ್ಕೇ. ಗಡಿಯಾರದ ಪಕ್ಕ ಅಂಥದ್ದು ಇಲ್ಲ. ವೈಡ್ ಲೆನ್ಸ್‌ನಲ್ಲಿ ಈ ತೊಂದರೆ ಜಾಸ್ತಿ ಎದ್ದು ಕಾಣುತ್ತದೆ. ಅಂಥ ಫೋಟೊಗಳಲ್ಲಿ ಬೇಕಾದ ಭಾಗವನ್ನಷ್ಟೇ ಸರಿಮಾಡಿ ಉಳಿದದ್ದನ್ನು ಕತ್ತರಿಸುತ್ತೇನೆ.

ಹಳೇ ಆವೃತ್ತಿಯ ಲೈಸೆನ್ಸ್ ಇದ್ದವರು ಅಪ್‌ಡೇಟ್ ಒತ್ತಬೇಡಿ, ಇನ್‌ಸ್ಟಾಲರ್ ಫೈಲನ್ನು ಜೋಪಾನವಾಗಿ ಎತ್ತಿಡಿ. ಹೊಸದಾಗಿ ಕೊಳ್ಳುವವರು ಕರ್ನಲ್ ತೋರಿಸುವ, ಆಯತ ನಾವೇ ಎಳೆಯುವ ಬೇರೆ ಯಾವುದಾದರೂ ಸಿಗುತ್ತಾ ನೋಡಿ. ಹೊಸ ಆವೃತ್ತಿಗೆ ನಾನು ಮತ್ತೆ ಹಣ ಕೊಡುವುದಿಲ್ಲ.