ಏಳು ವರ್ಷ ಬಳಸಿದ ಫ್ರಂಟ್ ಲೋಡ್ ಮೆಷಿನ್: ಬೋರ್ಡ್ ಹೋಗಿದೆ ಅಂದರು, ಸವೆದಿದ್ದು ಬ್ರಷ್

ಏಳು ಕೆಜಿಯ ಫ್ರಂಟ್ ಲೋಡ್ ಮೆಷಿನ್, 1000 ಆರ್‌ಪಿಎಂ. ಹಳೇ ಮಾದರಿ. ಅಂದರೆ ಇನ್ವರ್ಟರ್ ಅಲ್ಲ, ಬೆಲ್ಟ್ ಮತ್ತು, ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಇರುವ ಮೋಟಾರಿನದು. ನಮ್ಮದು ತುಮಕೂರಿನಲ್ಲಿ ನಾಲ್ಕು ಜನರ ಮನೆ, ಬೋರ್‌ವೆಲ್ ನೀರು. ಬಟ್ಟೆ ಒಗೆಯುವುದರಲ್ಲಿ ಇಷ್ಟು ವರ್ಷ ದೂರು ಇಲ್ಲ. ಕಾಲರಿನ ಕೊಳೆ ಚೆನ್ನಾಗಿ ಹೋಗುತ್ತದೆ, ಸೀರೆ ಎಳೆ ಬಿಡುವುದಿಲ್ಲ. ಬಾಗಿಲಿನ ರಬ್ಬರ್ ಮಾತ್ರ ಕಪ್ಪಾಗುತ್ತದೆ, ಒರೆಸದಿದ್ದರೆ ವಾಸನೆ ಬರುತ್ತದೆ. ಅದು ಎಲ್ಲಾ ಫ್ರಂಟ್ ಲೋಡಿನ ಹಣೆಬರಹ.

ಆರನೇ ವರ್ಷದ ಕೊನೆಯಲ್ಲಿ ತೊಂದರೆ ಶುರುವಾಯಿತು. ನೀರು ತುಂಬುತ್ತದೆ, ಡ್ರಮ್ ಸ್ವಲ್ಪ ಅಲುಗುತ್ತದೆ, ಆಮೇಲೆ ಪರದೆಯ ಮೇಲೆ ಎರರ್ ಕೋಡ್. ಪುಸ್ತಕದಲ್ಲಿ ನೋಡಿದರೆ ಅದಕ್ಕೆ 'ಡ್ರಮ್ ತಿರುಗುತ್ತಿಲ್ಲ' ಎಂದಷ್ಟೇ ಅರ್ಥ. ಹಾಗಾದ ದಿನ ಸ್ಪಿನ್ ಅಂತೂ ಆಗುವುದೇ ಇಲ್ಲ. ಕೆಲವು ದಿನ ಆಫ್ ಮಾಡಿ ಆನ್ ಮಾಡಿದರೆ ಪೂರ್ತಿ ಒಗೆದು ಮುಗಿಸುತ್ತಿತ್ತು, ಕೆಲವು ದಿನ ಇಲ್ಲ. ಕಂಪನಿಯ ಸರ್ವಿಸ್‌ನವರು ಬಂದು, ಹಿಂದಿನ ಮುಚ್ಚಳವನ್ನೂ ಬಿಚ್ಚದೆ, "ಬೋರ್ಡ್ ಹೋಗಿದೆ ಸಾರ್, ಏಳೂವರೆ ಸಾವಿರ ಆಗುತ್ತೆ" ಅಂದರು. ಕೋಡ್ ನೋಡಿ ಬೋರ್ಡ್ ಎಂದು ಹೇಳುವುದು ಸುಲಭ. ಆದರೆ ಕೋಡ್ ಹೇಳುವುದು ಡ್ರಮ್ ನಿಂತಿದೆ ಎಂದು ಮಾತ್ರ, ಯಾಕೆ ನಿಂತಿದೆ ಎಂದಲ್ಲ. ಹಾಗಾಗಿ ಬೀದಿಯ ಕೊನೆಯಲ್ಲಿರುವ ರಿಪೇರಿ ಅಂಗಡಿಯವರನ್ನು ಕರೆದೆ. ಅವರು ಕಾರಣಗಳನ್ನು ಒಂದೊಂದಾಗಿ ಬೇರೆ ಮಾಡಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರು ಮಲ್ಟಿಮೀಟರ್ ಮುಟ್ಟಲೇ ಇಲ್ಲ. ಪ್ಲಗ್ ಕಿತ್ತು ಡ್ರಮ್ ಅನ್ನು ಕೈಯಿಂದ ತಿರುಗಿಸಿದರು. ಡ್ರಮ್ ಜಾಮ್ ಆಗಿದ್ದರೆ ಅಥವಾ ಗರಗರ ಸದ್ದು ಬಂದರೆ ಬೇರಿಂಗ್, ಇಲ್ಲವೇ ಒಳಗೆ ಸಿಕ್ಕಿದ ಏನೋ ವಸ್ತು. ತೀರಾ ಹಗುರಾಗಿ, ಮೋಟಾರಿನ ಎಳೆತವೇ ಇಲ್ಲದೆ ತಿರುಗಿದರೆ ಬೆಲ್ಟ್ ಕಳಚಿದೆ. ನಮ್ಮದು ಸಣ್ಣ ಸದ್ದಿನೊಂದಿಗೆ ಸರಿಯಾಗಿಯೇ ತಿರುಗಿತು. ಆಮೇಲೆ ಕೆಳಗಿನ ಡ್ರೈನ್ ಫಿಲ್ಟರ್ ಬಿಚ್ಚಿದರು. ನೀರು ಹೊರಹೋಗದಿದ್ದರೆ ಮೆಷಿನ್ ಸ್ಪಿನ್‌ಗೆ ಹೋಗುವುದಿಲ್ಲ, ಅದು ಮೋಟಾರಿನ ದೋಷ ಅಲ್ಲವೇ ಅಲ್ಲ. ಅದೂ ಸರಿ ಇತ್ತು. ಒದ್ದೆಯಾದ ಒಂದೇ ದಪ್ಪ ಹೊದಿಕೆ ಒಂದು ಕಡೆ ಗುಡ್ಡೆಯಾಗಿದ್ದರೂ ಸ್ಪಿನ್ ಆಗುವುದಿಲ್ಲ. ಆದರೆ ಖಾಲಿ ಡ್ರಮ್‌ನಲ್ಲೂ ಎರರ್ ಬರುತ್ತಿದ್ದರಿಂದ ಆ ಅನುಮಾನ ಬೇಕಿರಲಿಲ್ಲ.

ಇನ್ನು ಬಾಗಿಲು. ಟಾಪ್ ಲೋಡಿನಲ್ಲಿ ಮುಚ್ಚಳದ ಸ್ವಿಚ್ ಇದ್ದರೆ, ಫ್ರಂಟ್ ಲೋಡಿನಲ್ಲಿ ಇರುವುದು ಡೋರ್ ಲಾಕ್. ಅದರೊಳಗೆ ಒಂದು ಸಣ್ಣ ಹೀಟರ್ ಇದೆ. ಸ್ಟಾರ್ಟ್ ಒತ್ತಿದಾಗ ಅದು ಬಿಸಿಯಾಗಿ ಒಂದು ಲೋಹದ ಪಟ್ಟಿಯನ್ನು ಬಗ್ಗಿಸುತ್ತದೆ, 'ಟಕ್' ಎಂದು ಬೀಗ ಬೀಳುತ್ತದೆ. ಆಗಲೇ ಒಳಗಿನ ಕಾಂಟ್ಯಾಕ್ಟ್ ಸೇರಿ ಮುಂದಿನ ಭಾಗಗಳಿಗೆ ಕರೆಂಟ್ ಹೋಗುವುದು. ಒಗೆದ ಮೇಲೆ ಬಾಗಿಲು ತೆಗೆಯಲು ಒಂದೆರಡು ನಿಮಿಷ ಕಾಯಬೇಕಾಗುವುದು ಸಹ ಆ ಹೀಟರ್ ತಣ್ಣಗಾಗಬೇಕು ಎಂದೇ. ಹೀಗಾಗಿ ಲಾಕ್ ಹೋಗಿದ್ದರೆ ಸಾಮಾನ್ಯವಾಗಿ ಟಕ್ ಸದ್ದೇ ಬರುವುದಿಲ್ಲ, ಅಥವಾ ಟಕ್ ಎಂದರೂ ನೀರು ಬರುವುದಿಲ್ಲ. ನಮ್ಮದರಲ್ಲಿ ಸದ್ದು ಬಂತು, ನೀರೂ ಬಂತು. ಲಾಕಿನ ಕಾಂಟ್ಯಾಕ್ಟ್ ಸುಟ್ಟು ಸಡಿಲವಾಗಿದ್ದರೆ ಅಲುಗಾಟಕ್ಕೆ ಸ್ಪಿನ್ ಮಧ್ಯೆ ಬಿಟ್ಟುಬಿಡಬಹುದು. ಆದರೆ ಆಗ ಬರುವುದು ಹೆಚ್ಚಾಗಿ ಬಾಗಿಲಿನ ಕೋಡ್, ಡ್ರಮ್‌ನದಲ್ಲ. ಬಾಗಿಲನ್ನು ಅನುಮಾನದ ಪಟ್ಟಿಗೆ ತಂದಷ್ಟೇ ಬೇಗ ಪಟ್ಟಿಯಿಂದ ತೆಗೆದರು.

ಮೋಟಾರ್ ವಿಷಯಕ್ಕೆ ಬಂದಾಗ ಕತೆ ಬದಲಾಯಿತು. ಹಿಂದಿನ ಮುಚ್ಚಳ ತೆಗೆದು ಮೋಟಾರಿನ ಪ್ಲಗ್ ಕಳಚಿದರು. ಆ ಪ್ಲಗ್‌ನಲ್ಲಿ ಮೂರು ಬಗೆಯ ಜೋಡಿಗಳಿರುತ್ತವೆ. ಎರಡು ತಂತಿ ಬ್ರಷ್‌ಗೆ, ಎರಡೋ ಮೂರೋ ತಂತಿ ರೋಟರ್ ಸುತ್ತಲಿನ ಕಾಯಿಲ್‌ಗೆ, ಇನ್ನೆರಡು ಟ್ಯಾಕೋಗೆ. ಟ್ಯಾಕೋ ಎಂದರೆ ಮೋಟಾರ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಬೋರ್ಡಿಗೆ ಹೇಳುವ ಸಣ್ಣ ಕಾಯಿಲ್. ಕಾಯಿಲ್‌ಗೆ ಮೀಟರ್ ಹಿಡಿದರೆ ಕೆಲವೇ ಓಮ್ ತೋರಿಸಿತು, ಸರಿ. ಬ್ರಷ್ ಜೋಡಿಗೆ ಹಿಡಿದರೆ ಏನೂ ಇಲ್ಲ. ಪುಲ್ಲಿಯನ್ನು ನಿಧಾನ ತಿರುಗಿಸಿದಾಗ ಮೀಟರಿನ ಅಂಕಿ ಒಮ್ಮೆ ಬಂತು, ಮತ್ತೆ ಮಾಯವಾಯಿತು. ಒಳ್ಳೆಯ ಬ್ರಷ್ ಇದ್ದರೆ ತಿರುಗಿಸಿದಂತೆಲ್ಲ ಅಂಕಿ ಕೆಲವು ಓಮ್‌ಗಳ ಆಸುಪಾಸಿನಲ್ಲೇ ಇರಬೇಕು. ಕೆಲವು ದಿನ ಓಡಿ ಕೆಲವು ದಿನ ನಿಲ್ಲುತ್ತಿದ್ದದ್ದು ಇದಕ್ಕೇ. ರೋಟರ್ ನಿಂತ ಜಾಗದಲ್ಲಿ ಬ್ರಷ್ ತಾಗಿದ್ದರೆ ಮೋಟಾರ್ ಶುರುವಾಗುತ್ತದೆ, ತಾಗದಿದ್ದರೆ ಇಲ್ಲ.

ಬ್ರಷ್ ಹೊರತೆಗೆದರೆ ಉಳಿದಿದ್ದು ಒಂದು ಸೆಂಟಿಮೀಟರಿಗೂ ಕಡಿಮೆ. ಹೊಸದು ಅದರ ಮೂರುಪಟ್ಟಿಗೂ ಜಾಸ್ತಿ ಉದ್ದ. ಬ್ರಷ್‌ನ ಬೆನ್ನಿಗಿರುವ ಸ್ಪ್ರಿಂಗ್ ತಳ್ಳುವಷ್ಟು ದೂರ ತಳ್ಳಿ ಸೋತಿತ್ತು. ಒಂದು ಬ್ರಷ್ ಮಾತ್ರ ಸವೆದಿದ್ದರೂ ಎರಡನ್ನೂ ಬದಲಿಸಬೇಕು. ಮಾದರಿಗೆ ಸರಿಹೊಂದುವ ಅಳತೆಯದೇ ಬೇಕು, ಇಲ್ಲವಾದರೆ ಹೋಲ್ಡರಿನಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕಪ್ಪು ಪುಡಿಯನ್ನು ಒರೆಸಿ, ಬ್ರಷ್ ತಾಗುವ ತಾಮ್ರದ ಕಮ್ಯುಟೇಟರ್ ಸುಟ್ಟಿದೆಯಾ ಎಂದು ನೋಡಿ, ಹೊಸ ಜೋಡಿ ಹಾಕಿದರು. ಬಟ್ಟೆ ಹಾಕದೆ ಒಂದು ಸಲ ಓಡಿಸಿದರು. ಶುರುವಿನಲ್ಲಿ ಸಣ್ಣ ಕಿಡಿ ಕಾಣಿಸಿತು. ಬ್ರಷ್ ತಾಮ್ರಕ್ಕೆ ಹೊಂದಿಕೊಳ್ಳುವವರೆಗೆ ಅದು ಇರುತ್ತದೆ ಅಂದರು. ಜೋಡಿಗೆ 450, ಕೂಲಿ 500.

ಹಾಗಾದರೆ ಬೋರ್ಡ್ ಹೋಗುವುದೇ ಇಲ್ವಾ? ಹೋಗುತ್ತದೆ, ಆದರೆ ಅದರ ಲಕ್ಷಣ ಬೇರೆ. ಬಾಗಿಲು ಲಾಕ್ ಆದ ತಕ್ಷಣ ಡ್ರಮ್ ಹುಚ್ಚು ವೇಗದಲ್ಲಿ ಸುತ್ತಿದರೆ ಮೋಟಾರಿನ ಕರೆಂಟ್ ಹತೋಟಿಯಲ್ಲಿಡುವ ಬೋರ್ಡಿನ ಟ್ರಯಾಕ್ ಶಾರ್ಟ್ ಆಗಿರಬಹುದು. ಡ್ರಮ್ ಒಂದು ಕ್ಷಣ ಜೋರಾಗಿ ಎಗರಿ ಎರರ್ ತೋರಿಸಿ ನಿಂತರೆ ಮೊದಲು ಟ್ಯಾಕೋ ಮತ್ತು ಅದರ ತಂತಿ ನೋಡಬೇಕು. ವೇಗದ ಸುದ್ದಿ ಬಾರದೆ ಬೋರ್ಡ್ ಜಾಸ್ತಿ ಕರೆಂಟ್ ಕೊಟ್ಟು, ಆಮೇಲೆ ಹೆದರಿ ನಿಲ್ಲಿಸಿರುತ್ತದೆ. ಲಾಕ್ ಸರಿ, ಬ್ರಷ್ ಸರಿ, ಕಾಯಿಲ್ ಸರಿ, ಟ್ಯಾಕೋ ಸರಿ, ಬೋರ್ಡಿನಿಂದ ಮೋಟಾರಿನವರೆಗೆ ತಂತಿಯನ್ನು ಇಲಿ ಕಡಿದಿಲ್ಲ ಎಂದು ಗೊತ್ತಾದ ಮೇಲೆ ಉಳಿಯುವುದು ಬೋರ್ಡ್. ಆಗಲೂ ಕೆಲವೊಮ್ಮೆ ರಿಲೇಯ ಬುಡದ ಸೋಲ್ಡರ್ ಬಿರುಕು ಬಿಟ್ಟಿರುತ್ತದೆ, ಅಷ್ಟನ್ನೇ ಬೆಸೆದರೆ ಸಾಕು.

ನಿಮ್ಮದು ಇನ್ವರ್ಟರ್ ಮೆಷಿನ್ ಆದರೆ ಬ್ರಷ್ ಭಾಗ ಮರೆತುಬಿಡಿ, ಅದರಲ್ಲಿ ಬ್ರಷ್ ಇಲ್ಲ. ಮೋಟಾರಿನ ಮೂರು ತಂತಿಗಳನ್ನು ಎರಡೆರಡಾಗಿ ಅಳೆದರೆ ಮೂರೂ ಓಮ್ ಹೆಚ್ಚುಕಡಿಮೆ ಒಂದೇ ಇರಬೇಕು. ಅಂಕಿಗಳು ಬೇರೆಬೇರೆಯಾದರೆ ಕಾಯಿಲ್ ಹೋಗಿದೆ. ಪ್ಲಗ್ ಕಿತ್ತ ಮೇಲೂ ಅದರ ಬೋರ್ಡಿನ ಕೆಪಾಸಿಟರಿನಲ್ಲಿ ಅಪಾಯಕರ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿಯುತ್ತದೆ. ಕರೆಂಟ್ ಇರುವಾಗ ಬೋರ್ಡ್ ಅಳೆಯುವ ಕೆಲಸವಂತೂ ತಿಳಿದವರಿಗೇ ಬಿಡಿ.

ಬ್ರಷ್ ಹಾಕಿಸಿದ ಮೇಲೆ ಆ ಎರರ್ ಮತ್ತೆ ಬಂದಿಲ್ಲ. ಮೆಷಿನ್‌ಗೆ ಐದಕ್ಕೆ ನಾಲ್ಕು. ವಾರಂಟಿ ಮುಗಿದ ಮೇಲಿನ ಸರ್ವಿಸ್‌ಗೆ ಒಂದೇ.