ವರ್ಷಕ್ಕೆ 4.80 ಲಕ್ಷ ಎಂದರೆ ತಿಂಗಳಿಗೆ 40 ಸಾವಿರ ಅಲ್ಲ: ರೆಸಾರ್ಟ್ ಕೆಲಸಕ್ಕೆ ಸಹಿ ಹಾಕುವ ಮುನ್ನ

ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನ ಫ್ರಂಟ್ ಆಫೀಸ್ ಕೆಲಸಕ್ಕೆ ಸೇರಿದ. ಅದಕ್ಕೂ ಮುಂಚೆ ಕುಶಾಲನಗರದಲ್ಲಿ ಕೈಗೆ 24,000 ಬರುತ್ತಿದ್ದ ಕೆಲಸವಿತ್ತು. ಹೊಸ ಆಫರ್ ಲೆಟರಿನಲ್ಲಿ ಸಿಟಿಸಿ 4,80,000 ಎಂದಿತ್ತು. ಹನ್ನೆರಡರಿಂದ ಭಾಗಿಸಿ 40,000 ಎಂದುಕೊಂಡ, ಆ ಲೆಕ್ಕದ ಮೇಲೆ 9,500 ರೂಪಾಯಿ ಕಂತಿನ ಕಾರಿನ ಸಾಲಕ್ಕೂ ಕೈ ಹಾಕಿದ. ಜೂನ್ ತಿಂಗಳ ಪೂರ್ತಿ ಸಂಬಳ ಖಾತೆಗೆ ಬಿದ್ದಾಗ ಅಲ್ಲಿ ಇದ್ದದ್ದು 25,000.

ಎಚ್‌ಆರ್ ಹತ್ತಿರ ಹೋಗಿ ಕೇಳಿದ್ದಕ್ಕೆ, "ಎಲ್ಲಾ ಲೆಟರಲ್ಲೇ ಇದೆಯಲ್ಲಪ್ಪಾ, ಎರಡನೇ ಪುಟ ನೋಡಿಲ್ವಾ?" ಎಂಬ ಉತ್ತರ ಬಂತು. ಬೇಸರದ ಸಂಗತಿ ಎಂದರೆ, ಅದು ಸುಳ್ಳಲ್ಲ. ಎರಡನೇ ಪುಟದಲ್ಲಿ ಎಲ್ಲವೂ ಇತ್ತು. ಕಂಪನಿ ಮೋಸ ಮಾಡಿತು ಎಂದು ದೂರು ಕೊಡಲು ಅದರಲ್ಲಿ ಏನೂ ಇರಲಿಲ್ಲ. ಹಾಗಾಗಿ ಆ ಪುಟವನ್ನು ಓದುವುದು ಹೇಗೆ ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ. ಈ 15,000 ರೂಪಾಯಿ ಅಂತರದಲ್ಲಿ ಎಲ್ಲಿ ಹೋದರೂ ತಪ್ಪದೇ ಹೋಗುವ ಭಾಗ ಬೇರೆ, ಲೆಟರ್ ಬರೆದವರ ಜಾಣ್ಮೆಯಿಂದ ಹೋದ ಭಾಗ ಬೇರೆ.

ಸಿಟಿಸಿ ಎಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು. ನಿಮ್ಮ ಹೆಸರಿನಲ್ಲಿ ಅವರು ಎಲ್ಲೇ ಕಟ್ಟಲಿ, ಎಂದೋ ಒಂದು ದಿನ ಕೊಡಬೇಕಾಗಬಹುದು ಎಂದು ಎತ್ತಿಡಲಿ, ಎಲ್ಲವೂ ಅದರೊಳಗೆ ಬರುತ್ತದೆ. ಆದ್ದರಿಂದ 12ರಿಂದ ಭಾಗಿಸುವುದು ಮೊದಲ ಹೆಜ್ಜೆ ಆಗಬಾರದು. ಕಡಿತಕ್ಕೆ ಮುಂಚಿನ ಸಂಬಳಕ್ಕೆ ಗ್ರಾಸ್ ಎನ್ನುತ್ತಾರೆ. ಕ್ರಮ ಹೀಗಿರಲಿ:

```
ತಿಂಗಳ ಗ್ರಾಸ್ = (ಸಿಟಿಸಿ − ತಿಂಗಳು ತಿಂಗಳು ಕೈಗೆ ಬಾರದ್ದು) ÷ 12
ಕೈಗೆ ಬರುವುದು = ತಿಂಗಳ ಗ್ರಾಸ್ − ತಿಂಗಳ ಕಡಿತ
```

ಆ ಹುಡುಗನ ಲೆಟರಿನಲ್ಲಿ ಬೇಸಿಕ್ ತಿಂಗಳಿಗೆ 16,000 ಇತ್ತು. ಪಿಎಫ್‌ಗೆ ಕಂಪನಿಯ ಪಾಲು 12 ಪರ್ಸೆಂಟ್, ಆದರೆ ಕಾನೂನಿನ ಮಿತಿ 15,000 ಇರುವುದರಿಂದ ಆ ಮೊತ್ತದ ಮೇಲಷ್ಟೇ ಹಾಕಿದ್ದರು: 1,800. ಜೊತೆಗೆ ಪಿಎಫ್ ಆಡಳಿತ ವೆಚ್ಚ ಮತ್ತು ಅದರೊಳಗಿನ ವಿಮೆ ಸೇರಿ 150. ಒಟ್ಟು 1,950, ವರ್ಷಕ್ಕೆ 23,400. ಆಮೇಲೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು. ವರ್ಷದ ಲೆಕ್ಕಕ್ಕೆ ಬೇಸಿಕ್ಕನ್ನು 15ರಿಂದ ಗುಣಿಸಿ 26ರಿಂದ ಭಾಗಿಸುತ್ತಾರೆ, ಅದು 9,231. ಗುಂಪು ಆರೋಗ್ಯ ವಿಮೆಯ ಕಂತು 8,169. ಈ ಮೂರೂ ಸೇರಿ 40,800, ಅಂದರೆ ತಿಂಗಳಿಗೆ 3,400.

ಇದರಲ್ಲಿ ಪಿಎಫ್ ದುಡ್ಡು ಇವತ್ತು ಕೈಗೆ ಬಾರದಿದ್ದರೂ ನಿಮ್ಮದೇ. ಗ್ರಾಚ್ಯುಟಿ ಹಾಗಲ್ಲ. ಕಾಯಂ ನೌಕರನಾದರೆ ಐದು ವರ್ಷ ಬಿಡದೆ ಅಲ್ಲೇ ಇದ್ದಾಗ ಮಾತ್ರ ಸಿಗುತ್ತದೆ, ಎರಡು ವರ್ಷಕ್ಕೆ ಬಿಟ್ಟರೆ ಆ ಸಾಲು ಬರೀ ಕಾಗದದ ಮೇಲಿನ ಸಂಖ್ಯೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ಗುತ್ತಿಗೆಯವರಿಗೆ ಒಂದು ವರ್ಷ ಮುಗಿದರೆ ಸಾಕು ಎಂದಿದೆ. ನಿಮ್ಮ ಗುತ್ತಿಗೆ ಹನ್ನೊಂದು ತಿಂಗಳದ್ದೇ ಆಗಿದ್ದು ಸಿಟಿಸಿಯಲ್ಲಿ ಗ್ರಾಚ್ಯುಟಿಯೂ ಇದ್ದರೆ, ಆ ಸಾಲು ಯಾಕೆ ಇದೆ ಎಂದು ನಗುತ್ತಲೇ ಕೇಳಿ.

ಇಲ್ಲಿಯವರೆಗಿನದು ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಇರುವಂಥದ್ದು. ನಮ್ಮ ಕಡೆಯ ರೆಸಾರ್ಟ್ ಲೆಟರುಗಳಲ್ಲಿ ಹುಷಾರಾಗಿ ನೋಡಬೇಕಾದ್ದು ಮುಂದಿನ ಎರಡು ಸಾಲುಗಳನ್ನು.

ಒಂದು, ವೇರಿಯಬಲ್ ಪೇ. ಅವನದರಲ್ಲಿ 48,000, ಸಿಟಿಸಿಯ ಹತ್ತು ಪರ್ಸೆಂಟ್. ವರ್ಷಕ್ಕೆ ಒಮ್ಮೆ, ಅಪ್ರೈಸಲ್ ಆದ ಮೇಲೆ, ರೇಟಿಂಗ್ ನೋಡಿ ಕೊಡುವ ದುಡ್ಡು ಅದು. ಕೆಳಗೆ ಸಣ್ಣಕ್ಷರದಲ್ಲಿ, ಪಾವತಿಯ ದಿನ ನೌಕರ ಕೆಲಸದಲ್ಲಿ ಇರಬೇಕು, ನೋಟಿಸ್ ಅವಧಿಯಲ್ಲಿ ಇರಬಾರದು ಎಂಬ ಷರತ್ತು. ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರೆ ಹತ್ತು ತಿಂಗಳು ದುಡಿದದ್ದೂ ಲೆಕ್ಕಕ್ಕಿಲ್ಲ. ಇದನ್ನು ಬೋನಸ್ ಎಂದು ತಿಳಿಯಿರಿ. ತಿಂಗಳ ಲೆಕ್ಕಕ್ಕೆ ಇದು ಸೊನ್ನೆ.

ಇನ್ನೊಂದು, ಸರ್ವಿಸ್ ಚಾರ್ಜ್. ಗಿರಾಕಿಗಳ ಬಿಲ್ಲಿನಲ್ಲಿ ಸಂಗ್ರಹವಾದ ಸರ್ವಿಸ್ ಚಾರ್ಜನ್ನು ಸಿಬ್ಬಂದಿಗೆ ಪಾಯಿಂಟ್ ಲೆಕ್ಕದಲ್ಲಿ ಹಂಚುವುದು ಹೋಟೆಲ್ ಲೈನಿನಲ್ಲಿ ಹಳೆಯ ಪದ್ಧತಿ. ಅದನ್ನು ಸಿಟಿಸಿಯೊಳಗೆ 'ಅಂದಾಜು' ಎಂದು 36,000 ಸೇರಿಸಿಬಿಟ್ಟಿದ್ದರು. ತಿಂಗಳಿಗೆ 3,000 ಎಂದಾಯಿತು. ಡಿಸೆಂಬರಿನಲ್ಲೋ ಮೇ ತಿಂಗಳಲ್ಲೋ ರೂಮುಗಳೆಲ್ಲ ತುಂಬಿದ್ದಾಗ ಅದಕ್ಕಿಂತ ಹೆಚ್ಚೂ ಬರಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ, ಜಡಿಮಳೆಯಲ್ಲಿ ಘಾಟಿ ರಸ್ತೆ ಯಾವಾಗ ಮುಚ್ಚುತ್ತದೋ ಎಂದು ಪ್ರವಾಸಿಗಳು ಬುಕಿಂಗ್ ರದ್ದು ಮಾಡುವ ಹೊತ್ತಿನಲ್ಲಿ, ಹಂಚಲಿಕ್ಕೆ ಏನಿರುತ್ತದೆ? ಜೂನ್ ತಿಂಗಳ ಪಾಲೆಂದು ಅವನಿಗೆ ಆಮೇಲೆ ಬೇರೆಯಾಗಿ ಬಂದದ್ದು 640 ರೂಪಾಯಿ. ಗಿರಾಕಿ ಕೊಡುವ ದುಡ್ಡನ್ನು ಕಂಪನಿಯ ಖರ್ಚೆಂದು ತೋರಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ, ಆದರೂ ತೋರಿಸುತ್ತಾರೆ.

ಈಗ ಕೂಡಿ. 40,800, 48,000 ಮತ್ತು 36,000 ಸೇರಿ 1,24,800. 4,80,000ದಲ್ಲಿ ಇದನ್ನು ಕಳೆದರೆ ಉಳಿಯುವುದು 3,55,200. ಹನ್ನೆರಡರಿಂದ ಭಾಗಿಸುವ ಹೊತ್ತು ಈಗ ಬಂತು: ತಿಂಗಳ ಗ್ರಾಸ್ 29,600. ಲೆಟರಿನಲ್ಲಿ ಅದು ಬೇಸಿಕ್ 16,000, ಎಚ್‌ಆರ್‌ಎ 6,400, ಸ್ಪೆಷಲ್ ಅಲೋವೆನ್ಸ್ 7,200 ಎಂದು ಒಡೆದುಕೊಂಡಿತ್ತು.

ಗ್ರಾಸ್‌ನಿಂದ ಮತ್ತೆ ಕಡಿತ. ನೌಕರನ ಪಿಎಫ್ ಪಾಲು 1,800. ಇದು ಕಂಪನಿ ಕಟ್ಟುವ 1,800ರ ಹೊರತಾಗಿ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕರ್ನಾಟಕದ ವೃತ್ತಿ ತೆರಿಗೆ ತಿಂಗಳ ಸಂಬಳ 25,000 ಮುಟ್ಟಿದವರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಆದಾಯ ತೆರಿಗೆಯ ಚಿಂತೆ ಈ ಸಂಬಳಕ್ಕಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಬರೀ ಸಂಬಳದ ಆದಾಯ 12.75 ಲಕ್ಷದವರೆಗೆ ಇದ್ದರೆ ತೆರಿಗೆ ಬೀಳುವುದಿಲ್ಲ. ಇಷ್ಟು ಸಂಬಳಕ್ಕೆ ಪೇ ಸ್ಲಿಪ್ಪಿನಲ್ಲಿ ಟಿಡಿಎಸ್ ಕಂಡರೆ ಕೇಳಲೇಬೇಕು. ಈ ಎರಡು ಕಡಿತದ ನಂತರ 27,600.

ಕೊನೆಯದಾಗಿ ಸ್ಟಾಫ್ ಕ್ವಾರ್ಟರ್ಸ್ ಮತ್ತು ಮೆಸ್, 2,600. ಇಂಟರ್‌ವ್ಯೂನಲ್ಲಿ "ಊಟ ವಸತಿ ಎಲ್ಲಾ ನಮ್ಮದೇ" ಎಂದಿದ್ದರು. ನಮ್ಮದೇ ಎಂದರೆ ವ್ಯವಸ್ಥೆ ನಮ್ಮದು, ದುಡ್ಡು ನಿಮ್ಮದು. ಸೇರಿದ ದಿನ ಕೊಟ್ಟ ಫಾರಂಗಳ ಕಂತೆಯಲ್ಲಿ ಇದಕ್ಕೊಂದು ಒಪ್ಪಿಗೆ ಪತ್ರವಿತ್ತು, ಅವನು ಸಹಿ ಹಾಕಿದ್ದ. ಉಳಿದದ್ದು 25,000.

ಈಗ ಅಂತರವನ್ನು ಎರಡು ಪಾಲು ಮಾಡಿ ನೋಡಿ. ಕಂಪನಿಯ ಪಿಎಫ್, ಗ್ರಾಚ್ಯುಟಿ, ವಿಮೆಗೆ 3,400, ನೌಕರನ ಪಿಎಫ್ ಮತ್ತು ವೃತ್ತಿ ತೆರಿಗೆಗೆ 2,000, ಒಟ್ಟು 5,400. ಇದೇ ಬೇಸಿಕ್ ಇಟ್ಟು 40,000 ಎಂದವರು ಎಷ್ಟೇ ಪ್ರಾಮಾಣಿಕವಾಗಿ ಲೆಟರ್ ಬರೆದರೂ ಕೈಗೆ ಬರುವುದು ಸುಮಾರು 34,600. ಮಿಕ್ಕ 9,600 ಹೋದದ್ದು ವೇರಿಯಬಲ್‌ಗೆ 4,000, ಸರ್ವಿಸ್ ಚಾರ್ಜಿಗೆ 3,000, ಊಟ ವಸತಿಗೆ 2,600. ಸಹಿಗೆ ಮುಂಚೆ ಮಾತಾಡಲು ಜಾಗ ಇರುವುದು ಈ 9,600ರಲ್ಲಿ ಮಾತ್ರ. ಪಿಎಫ್ ಬೇಡ ಎಂದು ವಾದ ಮಾಡುತ್ತಾ ಕೂರುವುದಕ್ಕಿಂತ, ವೇರಿಯಬಲ್‌ನ ಅರ್ಧವನ್ನು ಫಿಕ್ಸೆಡ್‌ಗೆ ಹಾಕಿ ಎಂದು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಒಪ್ಪಿದರೆ ತಿಂಗಳಿಗೆ 2,000 ಬಂದಂತೆ.

ಪಿಎಫ್ ಬಗ್ಗೆ ಕೇಳಬೇಕಾದ್ದು ಬೇರೆ ಒಂದಿದೆ: 15,000ದ ಮಿತಿಯ ಮೇಲೆ ಹಾಕುತ್ತೀರೋ, ಪೂರ್ತಿ ಬೇಸಿಕ್ ಮತ್ತು ಸ್ಪೆಷಲ್ ಅಲೋವೆನ್ಸ್ ಮೇಲೆ ಹಾಕುತ್ತೀರೋ? ಈ ಲೆಟರಿನಲ್ಲೇ ಎರಡನ್ನೂ ಸೇರಿಸಿ 23,200ರ ಮೇಲೆ ಹಾಕಿದರೆ ಒಂದೊಂದು ಪಾಲೂ 2,784 ಆಗುತ್ತದೆ. ಸಿಟಿಸಿ ಅಷ್ಟೇ ಇರುವುದರಿಂದ ಎರಡೂ ಪಾಲಿನ ಏರಿಕೆ ನಿಮ್ಮ ಕೈಯಿಂದಲೇ ಹೋಗಿ ತಿಂಗಳಿಗೆ ಹತ್ತಿರ ಹತ್ತಿರ 2,000 ಕಡಿಮೆ ಬರುತ್ತದೆ. ಉಳಿತಾಯ ಬೇಕು ಎನ್ನುವವರಿಗೆ ಅದು ಒಳ್ಳೆಯದೇ, ಕಂತು ಕಟ್ಟುವವರಿಗೆ ಅಲ್ಲ.

ಸಂಬಳ ಇದಕ್ಕಿಂತ ಸಣ್ಣದಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಗ್ರಾಸ್ 21,000 ಅಥವಾ ಅದಕ್ಕಿಂತ ಕೆಳಗಿದ್ದು ಆ ಕಡೆ ನೌಕರರ ವಿಮಾ ಯೋಜನೆಯಾದ ಇಎಸ್‌ಐ ಅನ್ವಯವಾದರೆ ನಿಮ್ಮಿಂದ 0.75 ಪರ್ಸೆಂಟ್, ಕಂಪನಿಯಿಂದ 3.25 ಪರ್ಸೆಂಟ್. 20,000ಕ್ಕೆ ಅದು 150 ಮತ್ತು 650, ಎರಡನೆಯದು ಸಿಟಿಸಿಯೊಳಗೇ ಅಡಗಿರುತ್ತದೆ. 25,000ಕ್ಕಿಂತ ಕೆಳಗೆ ವೃತ್ತಿ ತೆರಿಗೆ ಇಲ್ಲ.

"ಕೈಗೆ ಎಷ್ಟು ಬರುತ್ತದೆ ಮೇಡಂ?" ಎಂದು ಫೋನಿನಲ್ಲಿ ಕೇಳಿದರೆ "ಮೂವತ್ತೈದು ಮೂವತ್ತಾರು ಬರಬಹುದು" ಎಂದು ಬಿಡುತ್ತಾರೆ, ಆ ಮಾತಿಗೆ ಸಾಕ್ಷಿ ಇರುವುದಿಲ್ಲ. ಮೇಲ್ ಮಾಡಿ, ತಿಂಗಳ ಗ್ರಾಸ್ ಎಷ್ಟು, ಅದರಲ್ಲಿ ಊಟ ವಸತಿ ಸೇರಿ ಪ್ರತಿ ತಿಂಗಳ ಕಡಿತ ಏನೇನು, ಸರ್ವಿಸ್ ಚಾರ್ಜ್ ಸಿಟಿಸಿಯ ಒಳಗೋ ಹೊರಗೋ ಎಂದು ಮೂರೇ ಪ್ರಶ್ನೆ ಕೇಳಿ, ಈ ಸಂಬಳಕ್ಕೆ ಒಂದು ಮಾದರಿ ಪೇ ಸ್ಲಿಪ್ ಕಳಿಸಲು ಹೇಳಿ. ಕಳಿಸಲು ಹಿಂದೇಟು ಹಾಕಿದರೆ ಕಂತಿನ ಸಾಲಕ್ಕೆ ಹೋಗಬೇಡಿ. ಮೊದಲ ಪೂರ್ತಿ ತಿಂಗಳ ಸಂಬಳ ಬರುವವರೆಗೆ ಕಾಯಿರಿ. ತಿಂಗಳ ನಡುವೆ ಸೇರಿದರೆ ಮೊದಲ ಸಂಬಳ ದಿನಗಳ ಲೆಕ್ಕದಲ್ಲಿ ಬರುವುದರಿಂದ ಅದನ್ನು ನೋಡಿ ಏನೂ ಗೊತ್ತಾಗದು.

ಸೇರಿದ ಎರಡು ತಿಂಗಳ ನಂತರ ಯುಎಎನ್ ಎಂಬ ನಿಮ್ಮ ಪಿಎಫ್ ಸಂಖ್ಯೆ ಹಾಕಿ ಪಿಎಫ್ ಪಾಸ್‌ಬುಕ್ ತೆರೆಯಿರಿ. 15,000ದ ಮಿತಿಯಲ್ಲಿ, ಪಿಂಚಣಿಗೂ ಸದಸ್ಯರಾಗಿದ್ದರೆ, ಪ್ರತಿ ತಿಂಗಳ ಸಾಲಿನಲ್ಲಿ ನಿಮ್ಮದು 1,800, ಕಂಪನಿಯದು 550, ಪಿಂಚಣಿಗೆ 1,250 ಕಾಣಬೇಕು. ಹಿಂದಿನ ತಿಂಗಳ ದುಡ್ಡನ್ನು ಕಂಪನಿ ಈ ತಿಂಗಳ 15ರೊಳಗೆ ಕಟ್ಟಬೇಕು. ಸ್ಲಿಪ್ಪಿನಲ್ಲಿ ಕಡಿತ ಕಂಡು ಪಾಸ್‌ಬುಕ್ಕಿನಲ್ಲಿ ಸಾಲೇ ಇಲ್ಲದಿದ್ದರೆ ಅದು ಸಿಟಿಸಿಯ ಗೊಂದಲವಲ್ಲ, ನಿಮ್ಮ ಸಂಬಳದಿಂದ ಮುರಿದ ದುಡ್ಡನ್ನು ಕಟ್ಟಿಲ್ಲ ಎಂದರ್ಥ. ಸ್ಲಿಪ್ಪಿನ ಪ್ರತಿ ಇಟ್ಟುಕೊಂಡು ಪಿಎಫ್ ಇಲಾಖೆಯ ದೂರು ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು.