ಶಿವರಾತ್ರಿ ಜಾಗರಣೆಯ ಮೂಲೆಗೆ ಯಾವ ಬೆಳಕು? ಬಿಲ್ವ ಎಲ್ಲಿ, ಹೇಗೆ?

ಶಿವರಾತ್ರಿಯ ಅಲಂಕಾರ ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನಾನು ಅದನ್ನು ಅಳೆಯುವುದು ಮೂರನೇ ಯಾಮದಲ್ಲಿ. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗಿನ ಹೊತ್ತನ್ನು ನಾಲ್ಕು ಭಾಗ ಮಾಡಿದರೆ ಒಂದು ಯಾಮಕ್ಕೆ ಸುಮಾರು 3 ಗಂಟೆ. ಮೂರನೆಯದು ನಡುರಾತ್ರಿ ದಾಟಿದ ಮೇಲಿನದು. ಆ ಹೊತ್ತಿಗೆ ದೀಪ ಉರಿಯುತ್ತಿರಬೇಕು, ಬಿಲ್ವ ಹಸಿರಾಗಿರಬೇಕು, ಕೂತವರ ಕಣ್ಣು ಉರಿಯಬಾರದು. ಮಡಿಕೇರಿಯ ನಮ್ಮ ಮನೆಯಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಬೆಳಕು ಇಟ್ಟು ನೋಡಿದ್ದೇವೆ. ಬಿಲ್ವವನ್ನೂ ಎರಡು ರೀತಿ ಜೋಡಿಸಿ ನೋಡಿದ್ದೇವೆ.

ಮೂಲೆ ಮಾತ್ರ ಪ್ರತಿ ಸಲ ಒಂದೇ. ಗೋಡೆಗೆ ಸೇರಿಸಿ ಒಂದು ತಗ್ಗು ಮಣೆ, ಮೇಲೆ ತೊಳೆದ ಬಿಳಿ ಪಂಚೆ, ಅದರ ಮೇಲೆ ಅಂಚಿರುವ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಪುಟ್ಟ ಕಲ್ಲಿನ ಲಿಂಗ. ಅಭಿಷೇಕದ ನೀರು ಹರಿಯುವ ಬಾಯಿ ಉತ್ತರಕ್ಕೆ. ಪ್ಲಾಸ್ಟಿಕ್ ಹೂವು, ಮಿಂಚುವ ಪರದೆ ಯಾವುದೂ ಇಲ್ಲ. ನಾಲ್ಕು ಸಲ ಅಭಿಷೇಕ ಆಗುವ ಜಾಗದಲ್ಲಿ ಸಾಮಾನು ಕಡಿಮೆ ಇದ್ದಷ್ಟೂ ಒರೆಸುವುದು ಸುಲಭ.

ಮೊದಲು ತೆಂಗಿನೆಣ್ಣೆಯ ಕಾಲುದೀಪ. ಅದರ ಜ್ವಾಲೆ ತಿಳಿಯಾಗಿರುತ್ತದೆ, ಹೊಗೆ ಕಡಿಮೆ, ಪರಿಮಳವೂ ಹಿತ. ಮಂಗಳೂರಿನ ಕಡೆಯ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಬೇಡವೇ ಬೇಡ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿವರಾತ್ರಿ ಬರುವುದು ಫೆಬ್ರವರಿಯಲ್ಲಿ, ಇಲ್ಲವೇ ಮಾರ್ಚ್ ಮೊದಲಲ್ಲಿ. ನಮ್ಮಲ್ಲಿ ಆಗ ರಾತ್ರಿ ಚಳಿ ಇನ್ನೂ ಬಿಟ್ಟಿರುವುದಿಲ್ಲ. ದೊಡ್ಡ ಕಾಲುದೀಪದಲ್ಲಿ ಜ್ವಾಲೆಯ ಹತ್ತಿರದ ಎಣ್ಣೆ ಕರಗಿರುತ್ತದೆ, ಹಿಂದಿನದು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬತ್ತಿಗೆ ಎಣ್ಣೆ ಏರುವುದಿಲ್ಲ. ಮೊದಲು ಜ್ವಾಲೆ ಗಿಡ್ಡವಾಗುತ್ತದೆ, ಆಮೇಲೆ ಬತ್ತಿಯೇ ಸುಟ್ಟು ಕರಕು ವಾಸನೆ ಬರುತ್ತದೆ. ದೀಪದ ತುಂಬ ಎಣ್ಣೆ ಇದ್ದೂ ದೀಪ ಆರುತ್ತದೆ. ಅರ್ಧಕ್ಕರ್ಧ ಎಳ್ಳೆಣ್ಣೆ ಬೆರೆಸಿದರೆ ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೇ.

ತುಪ್ಪವೂ ಗಟ್ಟಿಯಾಗುವುದೇ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಪುಟ್ಟ ಹಣತೆಯಲ್ಲಿ ಜ್ವಾಲೆಯ ಬಿಸಿಯೇ ಅದನ್ನು ಕರಗಿಸಿಕೊಳ್ಳುತ್ತದೆ. ಪೂಜೆಯ ಹೊತ್ತಿಗೆ ತುಪ್ಪದ ಹಣತೆ ತುಂಬ ಚಂದ, ರಾತ್ರಿಯಿಡೀ ಉರಿಸುವ ಕೆಲಸಕ್ಕೆ ಅದು ಬೇಡ.

ಎರಡನೆಯದು ಸೀರಿಯಲ್ ಸೆಟ್. ಬಿಳಿ ಬೆಳಕಿನದನ್ನು ಪೂರ್ತಿ ಬಿಟ್ಟುಬಿಡಿ. ಕಲ್ಲು ಬೂದಿಯ ಹಾಗೆ ಕಾಣುತ್ತದೆ, ತೋಟದ ಕಡೆಯ ಮನೆಯಾದರೆ ಹುಳವೂ ಜಾಸ್ತಿ ಬರುತ್ತದೆ. ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಬರೆದಿರುವ ಹಳದಿ ಬೆಳಕಿನದು ಒಳ್ಳೆಯದು. ಮಿಣಮಿಣ ಮಿಟುಕುವುದನ್ನು ನಿಲ್ಲಿಸಿ ಒಂದೇ ಸಮ ಉರಿಯುವಂತೆ ಇಡಬೇಕು. ಬಿಲ್ವದ ಟೊಂಗೆಯ ಹಿಂದೆ ಇದನ್ನು ಇಟ್ಟಾಗ ಒಂದು ಸೊಗಸು ಕಂಡಿತು. ಬಿಲ್ವ ನಿಂಬೆಯ ಕುಟುಂಬದ ಮರ, ಎಲೆಯ ತುಂಬ ಎಣ್ಣೆಯ ಸಣ್ಣ ಚುಕ್ಕಿಗಳಿರುತ್ತವೆ. ಹಿಂದಿನಿಂದ ಬೆಳಕು ಬಿದ್ದರೆ ಆ ಚುಕ್ಕಿಗಳೆಲ್ಲ ಕಾಣುತ್ತವೆ. ಮಕ್ಕಳು ಅದನ್ನೇ ನೋಡುತ್ತ ಕೂತರು. ನನಗೂ ಖುಷಿಯಾಯಿತು, ಆದರೆ ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ನೀರು. ಗೋಡೆಯ ಕರೆಂಟಿಗೆ ಹಾಕುವ ಸೆಟ್ಟನ್ನು ಅಭಿಷೇಕದ ತಟ್ಟೆಯ ಹತ್ತಿರ ತರಲೇಬಾರದು. ಹಾಲು, ಮೊಸರು, ತುಪ್ಪ, ಜೇನು ಅಂತ ಯಾಮಕ್ಕೊಂದು ಅಭಿಷೇಕ ಮಾಡುವಾಗ ಒದ್ದೆ ಕೈ, ಒದ್ದೆ ಮಣೆ ಎರಡೂ ಇರುತ್ತವೆ. ಬ್ಯಾಟರಿಯದು ಮಾತ್ರ ಸರಿ. ಕರೆಂಟು ಹೋದರೂ ಅದು ಉರಿಯುತ್ತದೆ, ನಮ್ಮೂರಲ್ಲಿ ಅದೂ ಒಂದು ಅನುಕೂಲ.

ಮೂರನೆಯದು ಎಳ್ಳೆಣ್ಣೆಯ ಎರಡು ಸಣ್ಣ ದೀಪ. ನನ್ನ ಆಯ್ಕೆ ಇದು. ನಮ್ಮ ಚಳಿಗೆ ಎಳ್ಳೆಣ್ಣೆ ಗಟ್ಟಿಯಾಗುವುದಿಲ್ಲ. ತೆಳು ಹತ್ತಿಬತ್ತಿಗೆ ನಮ್ಮ ದೀಪದಲ್ಲಿ ಗಂಟೆಗೆ ಸುಮಾರು ಒಂದು ಟೀ ಚಮಚ ಎಣ್ಣೆ ಬೇಕಾಗುತ್ತದೆ. ಯಾಮದ ಪೂಜೆ ಶುರುವಾಗುವಾಗ ನಾಲ್ಕು ಚಮಚ ಹಾಕಿದರೆ ಮುಂದಿನ ಪೂಜೆಯವರೆಗೆ ಯೋಚನೆಯಿಲ್ಲ. ಎಣ್ಣೆ ಹಾಕುವಾಗಲೇ ಬತ್ತಿಯ ತುದಿಯ ಕರಕು ತೆಗೆಯಬೇಕು. ಬತ್ತಿ ಕಾಳು ಮೆಣಸಿನಷ್ಟು ಮಾತ್ರ ಹೊರಗಿರಲಿ. ಅದಕ್ಕಿಂತ ಉದ್ದ ಬಿಟ್ಟರೆ ಜ್ವಾಲೆ ತುದಿಯಲ್ಲಿ ಕೆಂಪಾಗಿ ಕುಣಿಯುತ್ತದೆ, ಹೊಗೆ ಬಿಡುತ್ತದೆ. ಬೆಳಿಗ್ಗೆ ಗೋಡೆಯ ಮೇಲೆ ಕಪ್ಪು ಕಂಡರೆ ಕಾರಣ ಸಾಮಾನ್ಯವಾಗಿ ಈ ಉದ್ದ ಬತ್ತಿಯೇ.

ದೀಪ ಇಡುವ ಜಾಗ ಅತ್ತೆ ಹೇಳಿಕೊಟ್ಟದ್ದು. "ದೀಪ ಲಿಂಗಕ್ಕೆ ಕಾಣ್ಬೇಕಮ್ಮ, ನಮ್ ಕಣ್ಣಿಗೆ ಹೊಡೀಬಾರ್ದು" ಅಂದಿದ್ದರು. ಹಾಗಾಗಿ ಲಿಂಗದ ಎರಡು ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ನೆಲದ ಮಟ್ಟದಲ್ಲೇ ಇಡುತ್ತೇವೆ. ನೀರಿನ ಬಾಯಿಯ ಕಡೆಯ ದೀಪವನ್ನು ಒಂದು ಗೇಣು ದೂರ ಸರಿಸಬೇಕು. ಈ ಬೆಳಕಿನಲ್ಲಿ ಪುಸ್ತಕ ನೋಡಿ ಸ್ತೋತ್ರ ಓದಲು ಆಗುವುದಿಲ್ಲ. ಅದಕ್ಕೆ ಕೋಣೆಯ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಹಳದಿ ಬಲ್ಬನ್ನು ಗೋಡೆಗೆ ಮುಖ ಮಾಡಿ ಇಡುತ್ತೇವೆ. ಗೋಡೆಗೆ ಬಿದ್ದು ತಿರುಗಿ ಬರುವ ಬೆಳಕು ಓದುವವರ ಬೆನ್ನ ಕಡೆಯಿಂದ ಪುಟದ ಮೇಲೆ ಬೀಳುತ್ತದೆ, ದೀಪದ ಬೆಳಕು ಮಂಕಾಗುವುದಿಲ್ಲ.

ಇನ್ನು ಬಿಲ್ವ. ನಮಗೆ ಅದು ಕುಶಾಲನಗರದ ಕಡೆಯ ನೆಂಟರ ಮನೆಯಿಂದ ಬರುತ್ತದೆ. ಚತುರ್ದಶಿಯ ದಿನ ಬಿಲ್ವ ಕೀಳಬಾರದು ಅನ್ನುವುದು ರೂಢಿ, ಆದ್ದರಿಂದ ಹಿಂದಿನ ದಿನವೇ ಕಿತ್ತಿಡುತ್ತಾರೆ. ಅಂದರೆ ಜಾಗರಣೆಯ ಕೊನೆಯ ಯಾಮಕ್ಕೆ ಎಲೆ ಕಿತ್ತು ಒಂದು ದಿನದ ಮೇಲಾಗಿರುತ್ತದೆ. ಬೇಸಿಗೆ ಹತ್ತಿರವಾದಂತೆ ಬಿಲ್ವ ಎಲೆ ಉದುರಿಸುವ ಮರ. ಹಳದಿಗೆ ತಿರುಗಿದ, ಹುಳ ತಿಂದ, ಮೂರು ದಳದಲ್ಲಿ ಒಂದು ಹರಿದ ಎಲೆ ಬಹಳ ಸಿಗುತ್ತವೆ. ಬಂದ ತಕ್ಷಣ ಆರಿಸಿಬಿಡಬೇಕು.

ಮಾಲೆ ಕಟ್ಟಿ ಹಿಂದಿನ ಗೋಡೆಗೆ ಇಳಿಬಿಟ್ಟರೆ ಸಂಜೆ ಬಹಳ ಚೆಂದ. ಆದರೆ ದಾರ ಬಿಗಿದ ತೊಟ್ಟಿಗೆ ನೀರಿಲ್ಲ, ಕೆಳಗಿನಿಂದ ದೀಪದ ಬಿಸಿ. ನಡುರಾತ್ರಿಗೆ ಕೆಳಗಿನ ಎಲೆಗಳ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಸುರುಳಿ ಬಂದ ಎಲೆ ಒಣಗುತ್ತಿದೆ ಅಂತಲೇ ಅರ್ಥ. ಅದು ಜ್ವಾಲೆಯ ಹತ್ತಿರ ಇರಬಾರದು, ತೆಗೆದುಬಿಡಬೇಕು.

ಅದರ ಬದಲು ಒಂದು ಮೊಳಕ್ಕಿಂತ ಚಿಕ್ಕ ಟೊಂಗೆಗಳನ್ನು ಹಿತ್ತಾಳೆ ಚೊಂಬಿನ ನೀರಿನಲ್ಲಿ ನಿಲ್ಲಿಸಿದೆವು. ಬುಡವನ್ನು ಓರೆಯಾಗಿ ಕತ್ತರಿಸಿ, ನೀರಿಗೆ ಮುಳುಗುವ ಎಲೆ ಮತ್ತು ಮುಳ್ಳು ತೆಗೆದು ಇಟ್ಟರೆ ಬೆಳಗಿನವರೆಗೆ ಬಾಡುವುದಿಲ್ಲ. ಚೊಂಬು ಲಿಂಗದ ಹಿಂದೆ, ದೀಪದಿಂದ ಒಂದು ಮೊಳ ದೂರ. ಎರಡೇ ಟೊಂಗೆ ಸಾಕು, ಗೋಡೆಯ ಮೇಲೆ ಬೀಳುವ ನೆರಳೇ ಉಳಿದ ಅಲಂಕಾರ.

ಅರ್ಚನೆಯ ಎಲೆ ಬೇರೆ. ತೊಳೆದು, ತೊಟ್ಟಿನ ಬುಡದ ಗಂಟು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆ ಎಲೆಯ ಮೇಲೆ ನಾಲ್ಕು ಗುಂಪು ಮಾಡಿ ಇಡುತ್ತೇವೆ, ಯಾಮಕ್ಕೊಂದು. ನೀರಿನಲ್ಲಿ ಮುಳುಗಿಸಿಟ್ಟರೆ ಎಲೆ ಮೆತ್ತಗಾಗಿ ಕಪ್ಪಾಗುತ್ತದೆ. ಏರಿಸುವಾಗ ನುಣುಪು ಮೈ ಲಿಂಗಕ್ಕೆ ತಾಗುವಂತೆ ಮಗುಚಿ ಇಡಬೇಕು. ಎಲೆ ಸಾಲದೆ ಬಂದರೆ ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು, ಬಿಲ್ವಕ್ಕೆ ಆ ರಿಯಾಯಿತಿ ಇದೆ.

ಮನೆಯಲ್ಲಿ ಉಬ್ಬಸ ಇರುವವರಿದ್ದರೆ, ತೆವಳುವ ಮಗುವಿದ್ದರೆ ನನ್ನ ಆಯ್ಕೆಯನ್ನೇ ಹಿಡಿಯಬೇಡಿ. ಬ್ಯಾಟರಿಯ ಹಳದಿ ಸೆಟ್ಟನ್ನು ಟೊಂಗೆಯ ಹಿಂದೆ ಇಡದೆ ಮಣೆಯ ಕೆಳಗೆ, ನೀರು ತಾಗದ ಕಡೆ ಅಡಗಿಸಿ, ಬೆಳಕು ನೆಲದ ಮೇಲೆ ಮಾತ್ರ ಹರಡುವಂತೆ ಮಾಡಿ. ತುಪ್ಪದ ಹಣತೆಯನ್ನು ಪ್ರತಿ ಯಾಮದ ಪೂಜೆಗೆ ಹಚ್ಚಿದರೆ ಸಾಕು. ಮಂಗಳಾರತಿ ಮುಗಿಯುವವರೆಗೆ ಒಬ್ಬರು ಅದರ ಪಕ್ಕದಲ್ಲೇ ಕೂತಿರಲಿ.